ಹಳೆಯ ಗ್ರಾಮ ನಕಾಶೆಯನ್ನು ನೆಲಕ್ಕೆ ಹೊಂದಿಸುವುದು: ನಿಯಂತ್ರಣ ಬಿಂದುಗಳು ಮತ್ತು ರೂಪಾಂತರದ ಆಯ್ಕೆ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಬದಿಯ ಒಂದು ಗ್ರಾಮದ ಹಳೆಯ ನಕಾಶೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಸ್ಕ್ಯಾನ್ ಮಾಡಿದ ಕಾಗದದ ನಕಾಶೆಗೆ ನಿಜವಾದ ನೆಲದ ನಿರ್ದೇಶಾಂಕಗಳನ್ನು ಕೊಡುವ ಕೆಲಸವನ್ನು, ಅಂದರೆ ಜಿಯೊರೆಫರೆನ್ಸಿಂಗ್ ಅನ್ನು, ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ. ಇದಕ್ಕೆ ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶ ಸಾಕು. ಗುಂಡಿ ಒತ್ತುವ ಕ್ರಮವನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ಯಾವ ಬಿಂದುವನ್ನು ನಂಬಬೇಕು, ಹಾಳೆಯ ಪಿಕ್ಸೆಲ್‌ಗಳನ್ನು ನೆಲದ ನಿರ್ದೇಶಾಂಕಗಳಿಗೆ ಬದಲಿಸುವ ಯಾವ ಲೆಕ್ಕವನ್ನು, ಅಂದರೆ ಯಾವ ರೂಪಾಂತರವನ್ನು, ಆರಿಸಬೇಕು ಎಂಬ ಎರಡು ತೀರ್ಮಾನಗಳೇ ಕಷ್ಟದವು, ಮತ್ತು ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಪರದೆಯ ಮೇಲೆ ಕಾಣುವ ದೋಷದ ಅಂಕಿ ಚಿಕ್ಕದಾದಷ್ಟೂ ನಕಾಶೆ ಸರಿಯಾಯಿತು ಎಂದು ತಿಳಿಯುವುದು ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು. ಮೊದಲ ಎರಡು ವರ್ಷ ನಾನೂ ಹಾಗೆಯೇ ತಿಳಿದಿದ್ದೆ.

ಹಾಳೆಯನ್ನು ಓದುವುದು ಮತ್ತು ಸ್ಕ್ಯಾನ್ ಮಾಡುವುದು

ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಇಲ್ಲಿನ ಹಳೆಯ ಅಳತೆಗಳು ಮುಂಬಯಿ ಪದ್ಧತಿಯವು. ಆ ಪದ್ಧತಿಯ ಸರಪಳಿ 33 ಅಡಿ ಉದ್ದದ್ದು, ಅದರಲ್ಲಿ 16 ಆಣೆಗಳು. ಒಂದು ಸರಪಳಿ ಉದ್ದ ಮತ್ತು ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ. ನನ್ನ ಹಾಳೆಯಲ್ಲಿ ಒಂದು ಇಂಚಿಗೆ ಇಂಥ 20 ಸರಪಳಿಗಳು, ಅಂದರೆ 660 ಅಡಿ. ಇಂಚಿಗೆ ಪರಿವರ್ತಿಸಿದರೆ ಪ್ರಮಾಣ 1:7920 ಆಗುತ್ತದೆ. ಈ ಪ್ರಮಾಣದಲ್ಲಿ ಕಾಗದದ ಮೇಲಿನ 1 ಮಿಲಿಮೀಟರ್ ನೆಲದಲ್ಲಿ 7.92 ಮೀಟರ್‌ಗೆ ಸಮ. ಶಾಯಿಯ ಗೆರೆಯೇ 0.3 ಮಿ.ಮೀ. ದಪ್ಪವಿದ್ದರೆ ಅದು ನೆಲದಲ್ಲಿ 2.4 ಮೀಟರ್ ಅಗಲವನ್ನು ಆವರಿಸುತ್ತದೆ. ಮುಂದೆ ಬರುವ ಎಲ್ಲ ದೋಷಗಳನ್ನೂ ಈ 2.4 ಮೀಟರ್‌ನ ಪಕ್ಕದಲ್ಲಿಟ್ಟು ನೋಡಬೇಕು, ಏಕೆಂದರೆ ಗೆರೆಯ ದಪ್ಪಕ್ಕಿಂತ ಹೆಚ್ಚಿನ ನಿಖರತೆಯನ್ನು ಯಾವ ಲೆಕ್ಕವೂ ಆ ಹಾಳೆಯಿಂದ ಹೊರತೆಗೆಯಲಾರದು.

ಹಾಳೆಯನ್ನು ಮಡಿಕೆಗಳಿಲ್ಲದಂತೆ ಹರಡಿ, ದೊಡ್ಡ ಗಾಜಿನ ಸಮತಟ್ಟು ಸ್ಕ್ಯಾನರ್‌ನಲ್ಲಿ 400 ಡಿಪಿಐಗೆ ಸ್ಕ್ಯಾನ್ ಮಾಡಿಸಿ ಟಿಫ್ ಕಡತವಾಗಿ ಉಳಿಸಿಕೊಳ್ಳಬೇಕು. ಆಗ ಒಂದು ಪಿಕ್ಸೆಲ್ ನೆಲದ ಸುಮಾರು 0.5 ಮೀಟರ್ ಆಗುತ್ತದೆ, ಒಂದು ಗೆರೆಯ ಅಗಲಕ್ಕೆ ನಾಲ್ಕೈದು ಪಿಕ್ಸೆಲ್ ಸಿಗುತ್ತವೆ. ಇದಕ್ಕಿಂತ ಹೆಚ್ಚು ಸೂಕ್ಷ್ಮತೆಯಿಂದ ಕಡತ ದೊಡ್ಡದಾಗುತ್ತದೆಯೇ ಹೊರತು ನಕಾಶೆ ಸುಧಾರಿಸುವುದಿಲ್ಲ. ಸ್ಕ್ಯಾನರ್ ತಾನಾಗಿಯೇ ಚಿತ್ರವನ್ನು ನೆಟ್ಟಗೆ ಮಾಡುವ ಮತ್ತು ಅಂಚು ಕತ್ತರಿಸುವ ಆಯ್ಕೆಗಳನ್ನು ಆಫ್ ಮಾಡಿಡಿ. ಮೊಬೈಲ್‌ನಲ್ಲಿ ತೆಗೆದ ಫೋಟೊ ಬೇಡ. ಅದರಲ್ಲಿ ಕ್ಯಾಮೆರಾದ ಓರೆ ಮತ್ತು ಮಸೂರದ ಬಾಗು ಎರಡೂ ಸೇರಿ, ಕಾಗದದ ದೋಷ ಯಾವುದು, ಫೋಟೊದ ದೋಷ ಯಾವುದು ಎಂದು ಬಿಡಿಸಲಾಗದಂತಾಗುತ್ತದೆ.

ಈಗ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬೇಕು. ಹಾಳೆಯ ಕೆಳಗಿನ ಅಳತೆಪಟ್ಟಿಯನ್ನು ಸ್ಕ್ಯಾನ್ ಮೇಲೆ ಪಿಕ್ಸೆಲ್‌ಗಳಲ್ಲಿ ಅಳೆಯಿರಿ. ನನ್ನ ಹಾಳೆಯ ಪಟ್ಟಿ 80 ಸರಪಳಿಯದು, ಅಂದರೆ 4 ಇಂಚು. 400 ಡಿಪಿಐಯಲ್ಲಿ ಅದು 1600 ಪಿಕ್ಸೆಲ್ ಇರಬೇಕಿತ್ತು, 1595 ಬಂತು. ಕಾಗದ ಸುಮಾರು ಶೇ. 0.3ರಷ್ಟು ಕುಗ್ಗಿತ್ತು. ಆದರೆ ಈ ಪಟ್ಟಿ ಅಡ್ಡಲಾಗಿ ಮಲಗಿರುವುದರಿಂದ ಅದು ಹೇಳುವುದು ಪೂರ್ವ–ಪಶ್ಚಿಮದ ಕುಗ್ಗುವಿಕೆಯನ್ನು ಮಾತ್ರ. ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ತೇವ ಹೀರಿ ಒಣಗುವಾಗ ನಾರಿನ ಉದ್ದಕ್ಕಿಂತ ಅಡ್ಡ ದಿಕ್ಕಿನಲ್ಲಿ ಕಾಗದ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಕರಾವಳಿಯ ಮಳೆಗಾಲವನ್ನು ದಶಕಗಳ ಕಾಲ ಕಂಡ ಹಾಳೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ರೂಪಾಂತರ ಆರಿಸುವಾಗ ಈ ಸಂಗತಿಯೇ ನಮಗೆ ದಾರಿ ತೋರಿಸುತ್ತದೆ.

ನಿರ್ದೇಶಾಂಕ ಪದ್ಧತಿಯನ್ನು ಮೊದಲೇ ನಿಗದಿ ಮಾಡುವುದು

ಕ್ಯೂಜಿಐಎಸ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ ಅದರ ನಿರ್ದೇಶಾಂಕ ಪದ್ಧತಿಯನ್ನು `EPSG:32643`ಕ್ಕೆ, ಅಂದರೆ ನೆಲವನ್ನು ಮೀಟರ್‌ಗಳಲ್ಲಿ ಅಳೆಯುವ ಯುಟಿಎಂ ಪದ್ಧತಿಯ ವಲಯ 43 ಉತ್ತರಕ್ಕೆ, ಬದಲಿಸಿ. ಕಾರವಾರದಿಂದ ಶಿರಸಿಯವರೆಗೆ ಇಡೀ ಜಿಲ್ಲೆ ಈ ವಲಯದಲ್ಲೇ ಬರುತ್ತದೆ. ಉಪಗ್ರಹ ಚಿತ್ರವನ್ನು ಹಿನ್ನೆಲೆಯಾಗಿ ಸೇರಿಸಿದಾಗ ಪ್ರಾಜೆಕ್ಟ್ ತಾನಾಗಿಯೇ ವೆಬ್ ನಕಾಶೆಗಳ ಪದ್ಧತಿಯಾದ `EPSG:3857`ಕ್ಕೆ ಹೋಗಿಬಿಡುವುದುಂಟು. ಆ ಪದ್ಧತಿಯಲ್ಲಿ ನಮ್ಮ ಅಕ್ಷಾಂಶದ ಉದ್ದಗಳು ಸುಮಾರು ಶೇ. 3ರಷ್ಟು ಹಿಗ್ಗಿ ಕಾಣುತ್ತವೆ, ಕ್ಷೇತ್ರಫಲ ಇನ್ನೂ ಹೆಚ್ಚು ತಪ್ಪುತ್ತದೆ. ಡಿಗ್ರಿಗಳಲ್ಲಿ ಕೆಲಸ ಮಾಡುವುದೂ ಸರಿಯಲ್ಲ. ಕುಮಟಾದ ಅಕ್ಷಾಂಶದಲ್ಲಿ ರೇಖಾಂಶದ 1 ಡಿಗ್ರಿ ಸುಮಾರು 107.8 ಕಿ.ಮೀ., ಅಕ್ಷಾಂಶದ 1 ಡಿಗ್ರಿ ಸುಮಾರು 110.6 ಕಿ.ಮೀ. ಇರುತ್ತದೆ. ಎರಡು ದಿಕ್ಕುಗಳ ನಡುವಿನ ಈ ವ್ಯತ್ಯಾಸ ಕಾಗದದ ಕುಗ್ಗುವಿಕೆಗಿಂತ ದೊಡ್ಡದು. ಅದನ್ನು ಕಾಗದದ ದೋಷದೊಂದಿಗೆ ಬೆರೆಸಿದರೆ ಮುಂದಿನ ಯಾವ ಅಂಕಿಯೂ ಅರ್ಥ ಕೊಡುವುದಿಲ್ಲ.

ನಿಯಂತ್ರಣ ಬಿಂದುಗಳು

ಹಾಳೆಯ ಮೇಲೂ ನೆಲದ ಮೇಲೂ ಒಂದೇ ಎಂದು ಖಚಿತವಾಗಿ ಗುರುತಿಸಬಲ್ಲ, ನಕಾಶೆ ತಯಾರಾದ ಮೇಲೆ ಸ್ಥಳ ಬದಲಿಸದ ಜಾಗವೇ ನಿಯಂತ್ರಣ ಬಿಂದು. ಕರಾವಳಿಯಲ್ಲಿ ಈ ಎರಡನೆಯ ಷರತ್ತು ಬಹಳ ಬಿಂದುಗಳನ್ನು ಕಳೆದುಬಿಡುತ್ತದೆ. ನದಿಯ ದಂಡೆ, ಅಳಿವೆಯ ಮರಳುದಿಬ್ಬ, ಸಮುದ್ರದ ಅಂಚು, ಇವು ಮಳೆಗಾಲದಿಂದ ಮಳೆಗಾಲಕ್ಕೆ ಸರಿಯುತ್ತವೆ. ನಕಾಶೆಯಲ್ಲಿ ಎಷ್ಟೇ ಸ್ಪಷ್ಟವಾಗಿ ಬರೆದಿದ್ದರೂ ಅವುಗಳನ್ನು ತೆಗೆದುಕೊಳ್ಳಬಾರದು. ಈಗಿನ ಹೆದ್ದಾರಿಯೂ ಹಳೆಯ ರಸ್ತೆಯ ಗೆರೆಯೂ ಒಂದೇ ಎಂದು ಭಾವಿಸಬಾರದು, ಅಗಲೀಕರಣದಲ್ಲಿ ತಿರುವುಗಳು ನೆಟ್ಟಗಾಗಿವೆ. ದೇವಸ್ಥಾನ ಅದೇ ಜಾಗದಲ್ಲಿದ್ದರೂ ಹಾಳೆಯಲ್ಲಿ ಅದರ ಗುರುತು ಕಟ್ಟಡಕ್ಕಿಂತ ಎಷ್ಟೋ ದೊಡ್ಡದು. ಆ ಗುರುತಿನ ಯಾವ ಮೂಲೆ ಯಾವ ಗೋಡೆಗೆ ಸಮ ಎಂದು ಹೇಳುವಂತಿಲ್ಲ.

ನಂಬಬಹುದಾದದ್ದು ಅಳತೆಗಾರರು ನಿಜವಾಗಿ ಸರಪಳಿ ಹಿಡಿದು ಅಳೆದ ಜಾಗಗಳನ್ನು. ಮೂರು ಗ್ರಾಮಗಳ ಗಡಿ ಕೂಡುವ ಕಲ್ಲು, ಗ್ರಾಮದ ಗಡಿ ಚೂಪಾಗಿ ತಿರುಗುವ ಜಾಗದ ಕಲ್ಲು, ಸರ್ವೆ ನಂಬರುಗಳ ಮೂಲೆಯಲ್ಲಿ ಇಂದಿಗೂ ಉಳಿದಿರುವ ಗದ್ದೆಯ ಬದು, ಕೆರೆಯ ಏರಿಯ ಕೊನೆ, ಇವು ಒಳ್ಳೆಯ ಬಿಂದುಗಳು. ಗೆರೆಗಳು ಲಂಬಕೋನಕ್ಕೆ ಹತ್ತಿರವಾಗಿ ಕೂಡುವ ಮೂಲೆಯನ್ನೇ ಆರಿಸಿ; ಓರೆಯಾಗಿ ಕೂಡುವ ಗೆರೆಗಳ ಸಂಧಿ ಎಲ್ಲಿದೆ ಎಂದು ಶಾಯಿಯಲ್ಲಿ ಹುಡುಕುವಾಗ ಒಂದೂವರೆ ಮಿಲಿಮೀಟರ್ ಆಚೀಚೆ ಆಗುವುದು ಸುಲಭ.

ನಿರ್ದೇಶಾಂಕಗಳನ್ನು ಎರಡು ರೀತಿಯಲ್ಲಿ ತರಬಹುದು: ಸ್ಪಷ್ಟ ಉಪಗ್ರಹ ಚಿತ್ರದ ಮೇಲೆ ಗುರುತಿಸಿ, ಅಥವಾ ಸ್ಥಳಕ್ಕೆ ಹೋಗಿ ಜಿಪಿಎಸ್‌ನಿಂದ ಅಳೆದು. ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ, ಅಡಿಕೆ ತೋಟದೊಳಗೆ ಇನ್ನೂ ಹೆಚ್ಚು. ಆದ್ದರಿಂದ ನಾನು ಪ್ರತಿ ಕಲ್ಲಿನ ಬಳಿ ಹತ್ತು ನಿಮಿಷ ನಿಂತು ಸರಾಸರಿ ತೆಗೆದುಕೊಳ್ಳುತ್ತೇನೆ. ಉಪಗ್ರಹ ಚಿತ್ರವೂ ಕೆಲವು ಮೀಟರ್ ಸರಿದಿರಬಹುದು, ಆದರೆ ಒಂದೇ ಚಿತ್ರದಲ್ಲಿ ಎಲ್ಲ ಬಿಂದುಗಳೂ ಹೆಚ್ಚುಕಡಿಮೆ ಒಂದೇ ಕಡೆಗೆ ಸರಿದಿರುತ್ತವೆ. ಆದ್ದರಿಂದ ಅರ್ಧ ಬಿಂದುಗಳನ್ನು ಚಿತ್ರದಿಂದ, ಅರ್ಧವನ್ನು ಜಿಪಿಎಸ್‌ನಿಂದ ತಂದು ಬೆರೆಸಬೇಡಿ. ಇನ್ನೊಂದು ಎಚ್ಚರಿಕೆ: ದಿಶಾಂಕ್ ಆ್ಯಪ್‌ನಲ್ಲಿ ಕಾಣುವ ಸರ್ವೆ ನಂಬರಿನ ಗಡಿಯನ್ನು ನಿಯಂತ್ರಣ ಬಿಂದುವಾಗಿ ಬಳಸಬೇಡಿ. ಆ ಗಡಿಗಳೂ ಇಂಥದೇ ಗ್ರಾಮ ನಕಾಶೆಗಳನ್ನು ನೆಲಕ್ಕೆ ಹೊಂದಿಸಿದ್ದರಿಂದ ಬಂದವು. ಹಾಳೆಯನ್ನು ಹಾಳೆಯೊಂದಿಗೇ ತಾಳೆ ನೋಡಿದಂತಾಗುತ್ತದೆ.

ನನ್ನ ಗ್ರಾಮ ಪೂರ್ವ–ಪಶ್ಚಿಮ 3 ಕಿ.ಮೀ., ಉತ್ತರ–ದಕ್ಷಿಣ 2.4 ಕಿ.ಮೀ. ಇದೆ. ಅದಕ್ಕೆ 17 ಬಿಂದುಗಳನ್ನು ಸೇರಿಸಿದೆ. ಅವುಗಳಲ್ಲಿ 12 ನಿಯಂತ್ರಣ ಬಿಂದುಗಳು. ಉಳಿದ 5ನ್ನು ಲೆಕ್ಕಕ್ಕೆ ಸೇರಿಸದೆ ತಾಳೆ ಬಿಂದುಗಳಾಗಿ ತೆಗೆದಿಟ್ಟೆ. ಈ ಐದನ್ನು ಕೆಲಸ ಶುರುವಾಗುವ ಮೊದಲೇ ಆರಿಸಿಕೊಳ್ಳಬೇಕು. ನಿಯಂತ್ರಣ ಬಿಂದುಗಳು ನಾಲ್ಕೂ ಮೂಲೆಗಳಲ್ಲಿ, ಅಂಚುಗಳ ನಡುವೆ ಮತ್ತು ಮಧ್ಯದಲ್ಲಿ ಹರಡಿರಬೇಕು. ಗದ್ದೆಬಯಲಿನಲ್ಲಿ ಸುಲಭವಾಗಿ ಸಿಗುತ್ತವೆ ಎಂದು ಎಲ್ಲವನ್ನೂ ಅಲ್ಲೇ ಹಿಡಿದರೆ ಬೆಟ್ಟದ ಕಡೆಯ ಸರ್ವೆ ನಂಬರುಗಳು ಎಲ್ಲಿಗೋ ತೇಲಿಹೋಗುತ್ತವೆ.

ತಂತ್ರಾಂಶದಲ್ಲಿ

`Layer` ಮೆನುವಿನಲ್ಲಿ `Georeferencer` ತೆರೆಯಿರಿ. ಹಳೆಯ ಆವೃತ್ತಿಗಳಲ್ಲಿ ಇದು `Raster` ಮೆನುವಿನಲ್ಲಿದೆ. `Open Raster` ಮೂಲಕ ಟಿಫ್ ಕಡತವನ್ನು ತನ್ನಿ. `Add Point` ಒತ್ತಿ, ಹಾಳೆಯ ಮೂಲೆಯನ್ನು ಪಿಕ್ಸೆಲ್‌ಗಳು ಚೌಕವಾಗಿ ಕಾಣುವಷ್ಟು ದೊಡ್ಡದು ಮಾಡಿ, ಗೆರೆಯ ದಪ್ಪದ ನಡುವೆ ಗುರುತಿಸಿ. ಬರುವ ಪೆಟ್ಟಿಗೆಯಲ್ಲಿ ಜಿಪಿಎಸ್‌ನ ನಿರ್ದೇಶಾಂಕ ತುಂಬಿ, ಇಲ್ಲವೇ `From Map Canvas` ಒತ್ತಿ ಉಪಗ್ರಹ ಚಿತ್ರದ ಮೇಲೆ ಅದೇ ಜಾಗವನ್ನು ತೋರಿಸಿ. `Transformation Settings` ಪೆಟ್ಟಿಗೆಯಲ್ಲಿ ರೂಪಾಂತರವನ್ನೂ `EPSG:32643` ಅನ್ನೂ ಆರಿಸಿ. ಗೆರೆಗಳ ನಕಾಶೆಗೆ ಮರುಮಾದರಿಯ ವಿಧಾನ `Nearest neighbour` ಸಾಕು. ಅದು ಶಾಯಿಯ ಬಣ್ಣವನ್ನು ಇದ್ದಂತೆಯೇ ಇಡುತ್ತದೆ. ಕೊನೆಗೆ ಬಿಂದುಗಳನ್ನು `.points` ಕಡತವಾಗಿ ಉಳಿಸುವುದನ್ನು ಮರೆಯಬೇಡಿ.

ರೂಪಾಂತರವನ್ನು ಆರಿಸುವುದು

ಪ್ರತಿಯೊಂದು ರೂಪಾಂತರವೂ ಕಾಗದಕ್ಕೆ ಏನಾಗಿದೆ ಎಂಬುದರ ಕುರಿತು ಒಂದು ಊಹೆ. `Helmert` ಎಂದರೆ ಹಾಳೆ ಸರಿದಿದೆ, ತಿರುಗಿದೆ, ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಿದೆ ಅಥವಾ ಕುಗ್ಗಿದೆ, ಅಷ್ಟೇ ಎಂಬ ಊಹೆ. `Polynomial 1` ಎರಡು ದಿಕ್ಕುಗಳಲ್ಲಿ ಬೇರೆ ಬೇರೆ ಕುಗ್ಗುವಿಕೆಗೆ ಮತ್ತು ಸಣ್ಣ ಓರೆಗೆ ಅವಕಾಶ ಕೊಡುತ್ತದೆ:

```
E = a0 + a1*x + a2*y
N = b0 + b1*x + b2*y
```

ಇಲ್ಲಿ `x`, `y` ಪಿಕ್ಸೆಲ್‌ಗಳು, `E`, `N` ನೆಲದ ಮೀಟರ್‌ಗಳು. ಆರು ಅಜ್ಞಾತಗಳು ಇರುವುದರಿಂದ ಕನಿಷ್ಠ 3 ಬಿಂದುಗಳು ಬೇಕು. ನೇರ ಗೆರೆ ಇದರಲ್ಲಿ ನೇರವಾಗಿಯೇ ಉಳಿಯುತ್ತದೆ. `Polynomial 2` ಹಾಳೆಯನ್ನು ಬಾಗಿಸುತ್ತದೆ, ಅದಕ್ಕೆ ಕನಿಷ್ಠ 6 ಬಿಂದುಗಳು ಬೇಕು, `Polynomial 3`ಕ್ಕೆ 10. `Thin Plate Spline` ಹಾಳೆಯನ್ನು ರಬ್ಬರಿನಂತೆ ಎಳೆದು ಪ್ರತಿ ನಿಯಂತ್ರಣ ಬಿಂದುವಿಗೂ ಕರಾರುವಾಕ್ಕಾಗಿ ಕೂರಿಸುತ್ತದೆ. `Projective` ಓರೆಯಾಗಿ ತೆಗೆದ ಫೋಟೊಗೆ ಹೇಳಿದ್ದು; ಗಾಜಿನ ಮೇಲೆ ಸ್ಕ್ಯಾನ್ ಮಾಡಿದ ಹಾಳೆಗೆ ಅದರ ಅಗತ್ಯವಿಲ್ಲ.

ನಾನು ಯಾವಾಗಲೂ `Helmert`ನಿಂದ ಆರಂಭಿಸುತ್ತೇನೆ, ಅದರ ಫಲಿತಾಂಶ ಬೇಕೆಂದಲ್ಲ, ಉಳಿದ ದೋಷ ಯಾವ ಆಕಾರದಲ್ಲಿದೆ ಎಂದು ನೋಡಲು. ಪ್ರತಿ ಬಿಂದುವಿನ ಬಳಿ ಕೆಂಪು ಗೆರೆಯೊಂದು ಕಾಣುತ್ತದೆ, ಅದೇ ಆ ಬಿಂದುವಿನ ಶೇಷ. ನನ್ನ ಹಾಳೆಯಲ್ಲಿ ಪೂರ್ವ ಮತ್ತು ಪಶ್ಚಿಮ ಅಂಚಿನ ಬಿಂದುಗಳು ಇರಬೇಕಾದ ಜಾಗಕ್ಕಿಂತ ಹೊರಗೆ ಬಿದ್ದಿದ್ದವು, ಉತ್ತರ ಮತ್ತು ದಕ್ಷಿಣ ಅಂಚಿನವು ಒಳಗೆ ಬಿದ್ದಿದ್ದವು. ಕೆಂಪು ಗೆರೆಗಳು ಯದ್ವಾತದ್ವಾ ಚದುರಿರದೆ ಹೀಗೆ ಒಂದು ಕ್ರಮಕ್ಕೆ ಬಂದರೆ, ಬಿಂದುಗಳು ಸರಿ ಇವೆ, ಊಹೆ ಸಾಲದು ಎಂದು ಅರ್ಥ. ಕಾಗದ ಉತ್ತರ–ದಕ್ಷಿಣಕ್ಕೆ ಹೆಚ್ಚು ಕುಗ್ಗಿತ್ತು. `Polynomial 1`ರ ಗುಣಕಗಳಿಂದ ಮುಂದೆ ಲೆಕ್ಕ ಹಾಕಿದಾಗ ಆ ದಿಕ್ಕಿನ ಕುಗ್ಗುವಿಕೆ ಶೇ. 1.1 ಎಂದು ತಿಳಿಯಿತು. ಅಡ್ಡ ದಿಕ್ಕಿನದು ಅಳತೆಪಟ್ಟಿ ಹೇಳಿದಂತೆ ಶೇ. 0.3. ಸರಾಸರಿ ಹಿಗ್ಗುವಿಕೆಯನ್ನು ಮಾತ್ರ ಬಲ್ಲ `Helmert` ಇವೆರಡರ ನಡುವೆ ಸಿಕ್ಕಿ ಅಂಚುಗಳಲ್ಲಿ ಐದಾರು ಮೀಟರ್ ತಪ್ಪುತ್ತಿತ್ತು.

`Polynomial 1`ಕ್ಕೆ ಬದಲಿಸಿದಾಗ ಆ ಕ್ರಮ ಮಾಯವಾಯಿತು, ಆದರೆ ಒಂದೇ ಒಂದು ಬಿಂದು 16 ಪಿಕ್ಸೆಲ್, ಅಂದರೆ 8 ಮೀಟರ್, ಶೇಷ ತೋರಿಸಿತು. ಅದು ಗಜನಿಯ, ಅಂದರೆ ಅಳಿವೆಯ ಉಪ್ಪುನೀರು ಬರುವ ಗದ್ದೆಬಯಲಿನ, ಹೊರಗಟ್ಟು ತಿರುಗುವ ಮೂಲೆ. ಹೀಗೆ ಒಂದು ಬಿಂದು ಮಾತ್ರ ಎದ್ದು ಕಂಡಾಗ ಅದನ್ನು ಅಳಿಸಿಬಿಡುವ ಆಸೆ ಆಗುತ್ತದೆ. ಕಾರಣ ತಿಳಿಯದೆ ಅಳಿಸಬಾರದು ಎಂಬುದು ನಾನು ಪಾಲಿಸುವ ನಿಯಮ. ಇಳಿತದ ಹೊತ್ತು ನೋಡಿ ಅಲ್ಲಿಗೆ ಹೋದೆ. ಆ ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಪ್ರಿಂಟ್ ನೋಡಿ, “ತಮ್ಮ, ಇದು ಹೊಸ ಕಟ್ಟು. ಹಳೇ ಕಟ್ಟು ಒಡೆದು ಹೋಯ್ತು, ಕಲ್ಲು ಒಳಗೆ ಅದೆ” ಎಂದು ಕೆಸರಿನೊಳಗೆ ಇಳಿದು ತೋರಿಸಿದರು. ಅಂಗೈಯಗಲ ಮಾತ್ರ ಮೇಲೆ ಕಾಣುತ್ತಿದ್ದ ಚಿರೆಕಲ್ಲು, ಮೈಯೆಲ್ಲ ಕಲ್ವದ ಚಿಪ್ಪು ಅಂಟಿ ಒರಟಾಗಿತ್ತು. ಈಗಿನ ಕಟ್ಟಿನ ಮೂಲೆಯಿಂದ 11 ಮೀಟರ್ ಒಳಗಿತ್ತು. ನಿಜವಾದ ತಪ್ಪು 11 ಮೀಟರ್ ಇದ್ದರೂ ಪರದೆ 8 ಎಂದೇ ತೋರಿಸಿತ್ತು ಎಂಬುದನ್ನು ಗಮನಿಸಿ. ತಪ್ಪಾದ ಬಿಂದು ಇಡೀ ಹಾಳೆಯನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡು, ಉಳಿದ ಮೂರು ಮೀಟರನ್ನು ಅಕ್ಕಪಕ್ಕದ ಒಳ್ಳೆಯ ಬಿಂದುಗಳ ಮೇಲೆ ಹೊರಿಸುತ್ತದೆ.

ಹಳೆಯ ಕಲ್ಲಿನ ನಿರ್ದೇಶಾಂಕ ಹಾಕಿದ ಮೇಲೆ ಎಲ್ಲ ರೂಪಾಂತರಗಳನ್ನೂ ಅದೇ 12 ಬಿಂದುಗಳಿಂದ ಓಡಿಸಿ, ಪ್ರತಿ ಫಲಿತಾಂಶದ ಮೇಲೆ ಐದು ತಾಳೆ ಬಿಂದುಗಳು ಎಷ್ಟು ದೂರ ಬಿದ್ದಿವೆ ಎಂದು ಅಳೆದೆ. `Polynomial 1`ರಲ್ಲಿ ಆ ದೂರಗಳು 2.1, 4.4, 3.0, 2.6 ಮತ್ತು 4.3 ಮೀಟರ್. ಇವುಗಳ ವರ್ಗಗಳನ್ನು ಕೂಡಿ, ಐದರಿಂದ ಭಾಗಿಸಿ, ವರ್ಗಮೂಲ ತೆಗೆದರೆ 3.4 ಮೀಟರ್ ಬರುತ್ತದೆ.

| ರೂಪಾಂತರ | ನಿಯಂತ್ರಣ ಬಿಂದುಗಳ ಶೇಷ | ತಾಳೆ ಬಿಂದುಗಳ ದೋಷ |
|---|---|---|
| `Helmert` | 5.2 ಮೀ. | 5.9 ಮೀ. |
| `Polynomial 1` | 2.8 ಮೀ. | 3.4 ಮೀ. |
| `Polynomial 2` | 2.0 ಮೀ. | 4.1 ಮೀ. |
| `Thin Plate Spline` | 0 | 5.2 ಮೀ. |

ಮಧ್ಯದ ಕಂಬಸಾಲನ್ನು ಮಾತ್ರ ನೋಡಿದವರು ಕೊನೆಯ ರೂಪಾಂತರವನ್ನು ಆರಿಸುತ್ತಾರೆ. ಆದರೆ ಅಲ್ಲಿನ ಸೊನ್ನೆ ನಕಾಶೆಯ ಗುಣವಲ್ಲ, ವಿಧಾನದ ವ್ಯಾಖ್ಯೆಯೇ ಅದು. ಗೆರೆಯ ದಪ್ಪದ 2.4 ಮೀಟರ್, ಜಿಪಿಎಸ್‌ನ ಕೆಲವು ಮೀಟರ್, ಎಲ್ಲವನ್ನೂ ಅದು ಸತ್ಯವೆಂದೇ ನಂಬಿ ಆ ತಪ್ಪಿಗೆ ತಕ್ಕಂತೆ ಸುತ್ತಲಿನ ಗದ್ದೆಗಳನ್ನು ಬಾಗಿಸುತ್ತದೆ. ಕೆಸರಿನಲ್ಲಿ ಸಿಕ್ಕ ಆ ಕಲ್ಲಿನ ತಪ್ಪನ್ನು ಅದು ಎಂದಿಗೂ ತೋರಿಸುತ್ತಿರಲಿಲ್ಲ, ಸದ್ದಿಲ್ಲದೆ 11 ಮೀಟರ್ ಎಳೆದುಬಿಡುತ್ತಿತ್ತು. `Polynomial 2`ರಲ್ಲೂ ಇದೇ ಕಾಯಿಲೆ ಸಣ್ಣ ಪ್ರಮಾಣದಲ್ಲಿದೆ: ಶೇಷ ಇಳಿಯಿತು, ದೋಷ ಏರಿತು. ಸುಲಭ ರೂಪಾಂತರದಿಂದ ಕ್ಲಿಷ್ಟ ರೂಪಾಂತರಕ್ಕೆ ಹೋಗುವಾಗ ತಾಳೆ ಬಿಂದುಗಳ ದೋಷ ಏರತೊಡಗಿದ ಹಂತದಲ್ಲಿ ನಿಲ್ಲಬೇಕು. ಕಣ್ಣಿಗೆ ಕಾಣುವ ಲಕ್ಷಣವೂ ಒಂದಿದೆ. ಹಾಳೆಯ ನೇರವಾದ ಚೌಕಟ್ಟಿನ ಗೆರೆ ಫಲಿತಾಂಶದಲ್ಲಿ ಅಲೆಯಂತೆ ಬಾಗಿದ್ದರೆ, ರೂಪಾಂತರ ಕಾಗದಕ್ಕೆ ಆಗಿರದ ಬಾಗನ್ನು ಹುಟ್ಟಿಸಿದೆ ಎಂದು ತಿಳಿಯಬೇಕು.

ಈ ಹೋಲಿಕೆಯನ್ನು ಆಜ್ಞೆಗಳ ಮೂಲಕ ಮಾಡುವವರಿಗೆ, ಬಿಂದುಗಳನ್ನು ಸೇರಿಸಿದ ಟಿಫ್‌ನಿಂದ:

```
gdalwarp -order 1 -r near -t_srs EPSG:32643 gcp.tif poly1.tif
gdalwarp -tps -r near -t_srs EPSG:32643 gcp.tif tps.tif
```

ಮಡಿಕೆಯಲ್ಲಿ ಹರಿದ ಹಾಳೆ

`Polynomial 1` ಸಾಲದ ಸಂದರ್ಭವೂ ಇದೆ. ಶಿರಸಿ ಕಡೆಯ ಒಂದು ಹಾಳೆಯನ್ನು ಯಾರೋ ಹಿಂದೆ ನಡುವೆ ಮಡಚಿ, ಹರಿದ ಮೇಲೆ ಬಟ್ಟೆಗೆ ಅಂಟಿಸಿದ್ದರು. ಎರಡು ತುಂಡುಗಳ ನಡುವೆ 1.5 ಮಿ.ಮೀ. ಸಂದು ಉಳಿದಿತ್ತು, ಅಂದರೆ ನೆಲದಲ್ಲಿ ಸುಮಾರು 12 ಮೀಟರ್. ಮಡಿಕೆಯ ಎರಡೂ ಬದಿಗೆ ಹತ್ತಿರವಿದ್ದ ಬಿಂದುಗಳ ಕೆಂಪು ಗೆರೆಗಳು ಎದುರುಬದುರು ದಿಕ್ಕಿಗೆ ಮುಖಮಾಡಿದ್ದರಿಂದ ಇದು ತಿಳಿಯಿತು. ರಬ್ಬರಿನಂತೆ ಎಳೆಯುವ ವಿಧಾನ ಇಲ್ಲಿಯೂ ಪರಿಹಾರವಲ್ಲ, ಏಕೆಂದರೆ ಅದು ಆ ಸಂದನ್ನು ಅಕ್ಕಪಕ್ಕದ ತೋಟ ಮತ್ತು ಬೆಟ್ಟಗಳಿಗೆಲ್ಲ ಹಂಚುತ್ತದೆ. ಸ್ಕ್ಯಾನ್ ಅನ್ನು ಮಡಿಕೆಯ ಗುಂಟ ಎರಡು ಕಡತಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಆರೇಳು ಬಿಂದುಗಳೊಂದಿಗೆ ಬೇರೆಯಾಗಿ `Polynomial 1` ನಡೆಸಿ, ಆಮೇಲೆ ಜೋಡಿಸುವುದೇ ಸರಿ. ಮಡಿಕೆಯನ್ನು ದಾಟುವ ಸರ್ವೆ ಗೆರೆಗಳು ಎರಡೂ ತುಂಡುಗಳಲ್ಲಿ ಕೂಡಿಕೊಂಡರೆ ಕೆಲಸ ಸರಿಯಾಗಿದೆ. ಕಾಗದ ನಿಜವಾಗಿಯೂ ಅಲೆಅಲೆಯಾಗಿ ಸೊರಗಿದ್ದು, ಹಾಳೆಯ ತುಂಬ ನಲವತ್ತು–ಐವತ್ತು ಖಚಿತ ಬಿಂದುಗಳು ಸಿಕ್ಕರೆ ಮಾತ್ರ `Thin Plate Spline` ಬಳಸಲು ನಾನು ಒಪ್ಪುತ್ತೇನೆ.

ಕ್ಷೇತ್ರಫಲದ ತಾಳೆ ಮತ್ತು ಮಿತಿ

ಕೊನೆಯದಾಗಿ, ಪ್ರತಿ ಸರ್ವೆ ನಂಬರಿನ ಕ್ಷೇತ್ರವನ್ನು ಬರೆದಿಟ್ಟ ಸರ್ಕಾರಿ ದಾಖಲೆಯಾದ ಆಕಾರಬಂದ್‌ನಲ್ಲಿನ ಕ್ಷೇತ್ರದೊಂದಿಗೆ ಹೋಲಿಸಿ. ಆ ಅಂಕಿ ನೆಲದಲ್ಲಿ ಹಿಡಿದ ಸರಪಳಿಯ ಅಳತೆಯಿಂದ ಬಂದದ್ದು, ಕುಗ್ಗಿದ ಕಾಗದದಿಂದಲ್ಲ. ಹಾಗಾಗಿ ಇದು ಸ್ವತಂತ್ರ ಸಾಕ್ಷಿ. ನಾನು ಆರಿಸಿದ ಸರ್ವೆ ನಂಬರು 3 ಎಕರೆ 20 ಗುಂಟೆ. ಗುಂಟೆಗೆ 101.17 ಚದರ ಮೀಟರ್‌ನಂತೆ 140 ಗುಂಟೆಗೆ 14,164 ಚ.ಮೀ. ಹೊಂದಿಸಿದ ನಕಾಶೆಯ ಮೇಲೆ ಗಡಿ ಎಳೆದಾಗ 14,290 ಬಂತು, ಅಂದರೆ ಶೇ. 0.9 ಹೆಚ್ಚು, ಗೆರೆಯ ದಪ್ಪಕ್ಕೆ ಇದು ಸಹಜ. ಐದಾರು ನಂಬರುಗಳಲ್ಲಿ ನೋಡಿ. ಕೆಲವು ಹೆಚ್ಚು, ಕೆಲವು ಕಡಿಮೆ ಬಂದರೆ ಸರಿ. ಎಲ್ಲವೂ ಒಂದೇ ಕಡೆಗೆ ಶೇ. 5–7ರಷ್ಟು ವಾಲಿದರೆ ನಿರ್ದೇಶಾಂಕ ಪದ್ಧತಿಯಲ್ಲಿ ತಪ್ಪಾಗಿದೆಯೇ ಎಂದು ಮೊದಲು ಪರೀಕ್ಷಿಸಿ.

3.4 ಮೀಟರ್ ಎಂದರೆ ಅಡಿಕೆ ತೋಟದಲ್ಲಿ ಒಂದು ಸಾಲಿಗಿಂತ ಹೆಚ್ಚು. ಹಳೆಯ ಕೆರೆ ಎಲ್ಲಿತ್ತು, ಗಜನಿಯ ಕಟ್ಟು ಎಷ್ಟು ಸರಿದಿದೆ, ಸೊಪ್ಪಿನ ಬೆಟ್ಟದ ಹರವು ಎಷ್ಟಿತ್ತು ಎಂದು ತಿಳಿಯಲು ಈ ನಕಾಶೆ ಸಾಕು. ನೆರೆಹೊರೆಯವರ ನಡುವಿನ ಬೇಲಿಯ ತಕರಾರಿಗೆ ಸಾಲದು. ಅದಕ್ಕೆ ಗಡಿ ಗುರುತಿಸಿಕೊಡುವ ಹದ್ದುಬಸ್ತಿಗೆ ಅರ್ಜಿ ಹಾಕಿ ಪರವಾನಗಿ ಪಡೆದ ಭೂಮಾಪಕರಿಂದಲೋ ಸರ್ಕಾರಿ ಭೂಮಾಪಕರಿಂದಲೋ ಅಳತೆ ಮಾಡಿಸಬೇಕು. ಆದ್ದರಿಂದ ನಕಾಶೆಯನ್ನು ಯಾರಿಗಾದರೂ ಕೊಡುವಾಗ ಟಿಫ್ ಕಡತದ ಜೊತೆಗೆ `.points` ಕಡತವನ್ನೂ, ಬಳಸಿದ ರೂಪಾಂತರದ ಹೆಸರು, ತಾಳೆ ಬಿಂದುಗಳ ಸಂಖ್ಯೆ ಮತ್ತು ಅವುಗಳ ದೋಷವನ್ನು ಬರೆದ ಒಂದು ಚೀಟಿಯನ್ನೂ ಇಟ್ಟು ಕೊಡಿ.